ಹೆಸರಿಟ್ಟವಳು

(ಮಹಿಳಾ ವೇದಿಕೆಯ ಕಥಾ ಕಾರ್ಯಕ್ರಮದಲ್ಲಿ ಮಾಡಿದ ಮಾತಿನ ಬರಹರೂಪ)

ನಾನು ಬರೆದ ‘ಹೆಸರಿಟ್ಟವಳು’ ಕತೆಯನ್ನು ಓದಬೇಕು ಅಂತ ಕರೆದಿರಿ. ಓದಿದರೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಅಡುಗೆಯವರು ಬಂದು ನಮ್ಮನ್ನು ಎಬ್ಬಿಸುತ್ತಾರೆ. ಅದಕ್ಕೆ ಓದುವುದಿಲ್ಲ, ಹೇಳುತ್ತೇನೆ. ಇದರ ಅಜ್ಜಿ ನನ್ನ ಅಜ್ಜಿಯಲ್ಲ. ತುಮಕೂರು ಕಡೆ ನಾನು ಕಂಡ ನಾಲ್ಕಾರು ಅಜ್ಜಿಯರನ್ನು ಕೂಡಿಸಿ ಮಾಡಿಕೊಂಡವಳು.

ಈ ಅಜ್ಜಿಗೆ ಒಂದು ಅಭ್ಯಾಸ. ಮನೆಯಲ್ಲಿರುವ ಎಲ್ಲಕ್ಕೂ ಹೆಸರಿಡುವುದು. ದನಕ್ಕೆ ಹೆಸರಿಡುವುದರಲ್ಲಿ ವಿಶೇಷವೇನಿಲ್ಲ, ಪುಣ್ಯಕೋಟಿಯ ಹಾಡಿನ ಗೊಲ್ಲನೂ ತನ್ನ ಹಸುಗಳನ್ನು ಹೆಸರು ಹಿಡಿದೇ ಕೂಗುತ್ತಾನೆ. ಆದರೆ ನಮ್ಮ ಅಜ್ಜಿಯ ಹೆಸರುಗಳಿಗೆ ಕಟ್ಟುಪಾಡು ಇತ್ತು. ಕರು ಹುಟ್ಟಿದ ಕೂಡಲೇ ಹೆಸರಿಲ್ಲ. ಹೊಕ್ಕುಳ ಒಣಗಿ ಬೀಳಬೇಕು. ಅಲ್ಲಿಯವರೆಗೆ ಅದು ಬರೀ ‘ಮಗ’. ಹೆಸರಿಟ್ಟ ಮೇಲೆ ಕರು ಸತ್ತರೆ ಆ ಹೆಸರೂ ಹೋಗುತ್ತದೆ, ಇನ್ನೊಂದಕ್ಕೆ ಇಡುವ ಹಾಗಿಲ್ಲ.

ಹಸುಗಳಿಗೆ ಅವಳು ಮಳೆಯ ಹೆಸರಿಡುತ್ತಿದ್ದಳು. ರೋಹಿಣಿ ಮಳೆಯಲ್ಲಿ ಹುಟ್ಟಿದ್ದು ರೋಣಿ, ಚಿತ್ತೆ ಮಳೆಯಲ್ಲಿ ಹುಟ್ಟಿದ್ದು ಚಿತ್ತಿ, ಸ್ವಾತಿಯಲ್ಲಿ ಹುಟ್ಟಿದ್ದು ಸ್ವಾತಿಯೇ. ಕೆಂಪಿ, ಕಾಳಿ ಅಂತ ಬಣ್ಣ ನೋಡಿ ಇಟ್ಟರೆ ಬಣ್ಣ ಮಾತ್ರ ಗೊತ್ತಾಗುತ್ತೆ, ಅದು ಕಣ್ಣಿಗೇ ಕಾಣುತ್ತಲ್ಲ ಅನ್ನುತ್ತಿದ್ದಳು. ಮಳೆಯ ಹೆಸರಾದರೆ ಹುಟ್ಟಿದ ಕಾಲ ಅದರಲ್ಲೇ ಇರುತ್ತದೆ. ಚಿತ್ತಿ ಅಂದರೆ ಅಕ್ಟೋಬರ್ ನಡುಭಾಗ. ಯಾವ ವರ್ಷ ಅಂತ ನೆನಪಿದ್ದರೆ ಸಾಕು, ಹಲ್ಲು ಎಣಿಸದೆ ವಯಸ್ಸು ಹೇಳಬಹುದು, ಯಾವಾಗ ಹೋರಿಗೆ ಬಿಡಬೇಕು ಅಂತಲೂ ತಿಳಿಯಬಹುದು. ಓದು ಬಾರದ ಹೆಂಗಸಿನ ಜನನ ರಿಜಿಸ್ಟರ್ ಅದು. ಈಗ ದನದ ಕಿವಿಗೆ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಹಾಕುತ್ತಾರೆ. ಲೆಕ್ಕಕ್ಕೆ ಅದು ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಹನ್ನೆರಡು ಅಂಕಿಯನ್ನು ಕೂಗಿ ಯಾವ ಹಸುವನ್ನೂ ಸಂಜೆ ಮನೆಗೆ ಕರೆಯಲಾಗುವುದಿಲ್ಲ.

ಹೆಸರಿಟ್ಟ ಹಸು ಹೆಚ್ಚು ಹಾಲು ಕೊಡುತ್ತದೆಯೇ ಅಂತ ಹೋದ ಸಲ ಒಬ್ಬರು ಕೇಳಿದ್ದರು. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 516 ಹೈನುಗಾರರನ್ನು ಕೇಳಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಹೆಸರು ಹಿಡಿದು ಕರೆಯುವ ಕಡೆ ವರ್ಷಕ್ಕೆ ಹಸುವೊಂದಕ್ಕೆ 258 ಲೀಟರ್ ಹೆಚ್ಚು ಹಾಲು. ಅದು ಹೆಸರಿನ ಮಹಿಮೆ ಅಂತ ನಾನು ಹೇಳಲಾರೆ. ಹೆಸರಿಡುವವರು ಮೈ ತಿಕ್ಕುತ್ತಾರೆ, ಕಾಲು ಕುಂಟಿದರೆ ಬೇಗ ಗಮನಿಸುತ್ತಾರೆ, ಹೊಡೆಯುವುದಿಲ್ಲ. ಬೆದರಿದ ಹಸು ಹಾಲು ಇಳಿಸುವುದಿಲ್ಲ ಎನ್ನುವುದು ಕರೆಯಲು ಕೂತ ಯಾರಿಗೂ ಗೊತ್ತು.

ಎತ್ತಿನ ಹೆಸರಿನ ಕಟ್ಟುಪಾಡೇ ಬೇರೆ. ಜೊತೆ ಎತ್ತುಗಳ ಹೆಸರು ಒಂದೇ ಅಕ್ಷರದಿಂದ ಶುರುವಾಗಬಾರದು. ರಾಮ, ರಾಜ ಅಂತ ಇಟ್ಟರೆ ಕೆಟ್ಟಿತು. ಯಾಕೆಂದರೆ ಉಳುವಾಗ ಸಾಲು ಮುಗಿದು ತಿರುಗುವ ಜಾಗದಲ್ಲಿ ಎರಡೂ ಎತ್ತು ಒಂದೇ ಕೆಲಸ ಮಾಡುವುದಿಲ್ಲ. ಎಡಕ್ಕೆ ತಿರುಗಬೇಕಾದರೆ ಎಡಗಡೆಯದು ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲಬೇಕು, ಬಲಗಡೆಯದು ದೊಡ್ಡ ಸುತ್ತು ಹಾಕಿ ಬರಬೇಕು. ಉಳುವವನ ಒಂದು ಕೈ ಮೇಣಿಯ ಮೇಲಿರುತ್ತದೆ. ಉಳಿದದ್ದು ಬಾಯಿಯ ಕೆಲಸ. ‘ರಾ’ ಅಂದಾಗ ಎರಡೂ ಕಿವಿ ನಿಮಿರಿಸಿದರೆ ನೊಗ ಅಡ್ಡವಾಗುತ್ತದೆ, ಸಾಲು ಕೆಡುತ್ತದೆ. ಅದಕ್ಕೇ ನಮ್ಮ ಕತೆಯ ಹಳ್ಳಿಕಾರ್ ಜೋಡಿಗೆ ಅಜ್ಜಿ ಇಟ್ಟ ಹೆಸರು ಮಾರ ಮತ್ತು ಬಸವ. ಎಡಗಡೆ ಮಾರ, ಬಲಗಡೆ ಬಸವ. ಗಿಡ್ಡಗೆ ‘ಮಾರ’ ಅಂದರೆ ನಿಲ್ಲು. ‘ಮಾರಾ...’ ಅಂತ ಎಳೆದರೆ ನಡೆ. ಕರುವಿದ್ದಾಗ ಹಿಂಡಿ ತಿನ್ನಿಸುತ್ತ ಇದನ್ನು ಕಲಿಸಿದವಳು ಅಜ್ಜಿ. ಹೊಲದಲ್ಲಿ ತಾತ ಅವಳ ರಾಗವನ್ನೇ ಹಿಡಿದು ಉಳುತ್ತಿದ್ದ.

ಇನ್ನು ಸಾಮಾನುಗಳು. ಕಿರುಗುಟ್ಟುವ ನಡುಬಾಗಿಲಿಗೆ ‘ಮಾವಯ್ಯ’ ಅಂತ ಹೆಸರು, ಒಳಗೆ ಬರುವ ಮೊದಲು ಕೆಮ್ಮುತ್ತದೆ ಅಂತ. ಮುದ್ದೆ ಕೋಲು ‘ಶಾನುಭೋಗ’, ನಡುವೆ ನಿಂತು ಎಲ್ಲ ಕಲಸುತ್ತಾನೆ. ಬೀಸುವ ಕಲ್ಲು ‘ಗುಂಡವ್ವ’. ಅವಳಿಗೆ ಮಾತ್ರ ಎಲ್ಲ ಗುಟ್ಟೂ ಗೊತ್ತು, ಹಾಡಿನಲ್ಲಿ ಕೇಳಿಸಿಕೊಂಡಿದ್ದಾಳೆ. ಅಳೆಯುವ ಸೇರು ಎರಡಿದ್ದವು. ಒಂದರ ಹೆಸರು ‘ಧರ್ಮ’, ಇನ್ನೊಂದರ ಹೆಸರು ‘ಕಳ್ಳ’. ಕಳ್ಳನ ಹೊಟ್ಟೆ ಒಂದು ಕಡೆ ಒಳಕ್ಕೆ ನೆಗ್ಗಿತ್ತು, ಒಂದು ಹಿಡಿ ರಾಗಿ ಕಮ್ಮಿ ಹಿಡಿಯುತ್ತಿತ್ತು. ಸಾಲ ಕೊಡುವಾಗಲೂ ವಾಪಸು ತೆಗೆದುಕೊಳ್ಳುವಾಗಲೂ ಧರ್ಮನೇ ಹೊರಗೆ ಬರಬೇಕು. ಕಳ್ಳ ಮನೆಯೊಳಗಿನ ಅಳತೆಗೆ ಮಾತ್ರ. ಸೊಸೆ ಬಂದ ಹೊಸದರಲ್ಲಿ ಗೊತ್ತಿಲ್ಲದೆ ಕಳ್ಳನಿಂದ ಅಳೆದು ಪಕ್ಕದ ಮನೆಗೆ ರಾಗಿ ಕೊಟ್ಟಾಗ ಅಜ್ಜಿ ಕತ್ತಲಲ್ಲಿ ಹೋಗಿ ಮೂರು ಹಿಡಿ ಹಾಕಿ ಬಂದಿದ್ದಳು.

ಹಂಡೆಗೆ ಮಾತ್ರ ಹೆಸರಿಡಲಿಲ್ಲ. ತವರಿನಿಂದ ಬಂದ ತಾಮ್ರದ ಹಂಡೆ. ‘ಅದಕ್ಕೆ ಆಗಲೇ ಹೆಸರೈತೆ’ ಅನ್ನುತ್ತಿದ್ದಳು. ಕಂಠದ ಹತ್ತಿರ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ್ದ ಹೆಸರು ಅವಳ ಅಪ್ಪನದು. ನಮ್ಮ ಮನೆಗಳಲ್ಲೂ ನೋಡಿ, ಅಮ್ಮಂದಿರ ಜೊತೆ ಬಂದ ಪಾತ್ರೆಗಳ ಮೇಲೆ ಕೊಟ್ಟವರ ಹೆಸರೇ ಹೆಚ್ಚು.

ಕತೆ ಶುರುವಾಗುವುದು ತಾತ ಸತ್ತ ಮೇಲೆ. ಜಮೀನಿನ ಖಾತೆ ಬದಲಾಗಬೇಕು, ಅದಕ್ಕೆ ವಂಶವೃಕ್ಷ ಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿಯೂ ವಾರಸುದಾರಳೇ, ಮಕ್ಕಳ ಜೊತೆಯಲ್ಲೇ ಅವಳ ಹೆಸರು ಬರಬೇಕು. ಹಜಾರದಲ್ಲಿ ಕೂತು ಬರೆದುಕೊಳ್ಳುತ್ತಿದ್ದವನು ಮಗನನ್ನು ಕೇಳುತ್ತಾನೆ, ‘ತಾಯಿ ಹೆಸರು?’ ಮಗ ಒಂದು ಗಳಿಗೆ ಸುಮ್ಮನಾಗಿ, ‘ವೋಟರ್ ಲಿಸ್ಟಲ್ಲಿ ದೊಡ್ಡಮ್ಮ ಅಂತೈತೆ, ಅದ್ನೇ ಬರ್ಕೊಳ್ಳಿ’ ಅನ್ನುತ್ತಾನೆ. ಎಂದೋ ಪಟ್ಟಿ ಮಾಡಲು ಬಂದವರಿಗೆ ಮನೆಯ ಮಕ್ಕಳು ಕೂಗುತ್ತಿದ್ದದ್ದು ಕೇಳಿಸಿರಬೇಕು, ಅದೇ ದಾಖಲೆಯಾಯಿತು. ಅಜ್ಜಿ ಒಳಗೆ ಮೊರದಲ್ಲಿ ರಾಗಿ ಕೇರುತ್ತಿದ್ದಾಳೆ. ಕೇರುವ ಸದ್ದು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಕತೆಯಲ್ಲಿ ಇದಕ್ಕೆ ನಾನು ಕೊಟ್ಟಿರುವುದು ಎರಡೇ ಸಾಲು.

ಆಮೇಲೆ ಮಗ ಟ್ರ್ಯಾಕ್ಟರ್ ಬಾಡಿಗೆಗೆ ಹಿಡಿಯುವುದೆಂದು ತೀರ್ಮಾನಿಸಿ ಎತ್ತುಗಳನ್ನು ದೊಡ್ಡಬಳ್ಳಾಪುರದ ಹತ್ತಿರದ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೊಡೆದುಕೊಂಡು ಹೋಗುತ್ತಾನೆ. ಅವನನ್ನು ಕೆಟ್ಟವನು ಮಾಡಬೇಕೆಂದು ನನಗೆ ಅನ್ನಿಸಲಿಲ್ಲ. ಎರಡು ಎತ್ತಿಗೆ ವರ್ಷವಿಡೀ ಮೇವು ಹಾಕಿ, ಉಳುವುದು ಕೆಲವೇ ದಿನ ಅಂದರೆ ಅವನ ಲೆಕ್ಕವೂ ಸರಿಯೇ. ಜಾತ್ರೆಯಲ್ಲಿ ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ನೋಡಿದ, ಸುಳಿ ನೋಡಿದ, ಗೊರಸು ನೋಡಿದ, ನಡೆಸಿ ನೋಡಿದ. ಟವೆಲ್ಲಿನ ಮರೆಯಲ್ಲಿ ಕೈ ಹಿಡಿದು ಬೆರಳು ಒತ್ತಿ ವ್ಯಾಪಾರ ಮುಗಿಯಿತು. ರಾತ್ರಿ ಮಗ ಖಾಲಿ ಹಗ್ಗ ಹಿಡಿದು ಮನೆಗೆ ಬಂದಾಗ ಅಜ್ಜಿ ರೇಟು ಕೇಳಲಿಲ್ಲ.

‘ಹೆಸ್ರು ಹೇಳ್ದೇನ್ಲಾ?’

‘ಅವ್ನು ಕೇಳ್ಲಿಲ್ಲ ಕಣವ್ವ.’

ಎಂಟು ದಿನದ ಮೇಲೆ ಕೊಂಡವನೇ ಹುಡುಕಿಕೊಂಡು ಬಂದ. ಎಡಗಡೆ ಎತ್ತು ತಿರುವಿನಲ್ಲಿ ನಿಲ್ಲುವುದಿಲ್ಲ, ಜೊತೆಯದರ ಮೇಲೇ ಬೀಳುತ್ತದೆ, ಕೂರಿಗೆ ಕಟ್ಟಿದರೆ ಸಾಲೇ ಬರುವುದಿಲ್ಲ ಅಂತ ದೂರು. ದುಡ್ಡು ವಾಪಸು ಕೇಳಲು ಬಂದಿದ್ದಾನೆ ಅಂತ ಮಗನಿಗೆ ಗಾಬರಿ. ಅವನು ಕೇಳಿದ್ದು ಬೇರೆ. ‘ನೀವು ಅದ್ಕೆ ಏನಂತ ಕೂಗ್ತಿದ್ರಿ?’

ಅಜ್ಜಿ ಬಾಗಿಲಿಗೆ ಬಂದಳು. ‘ಹೊಡೆದ್ಯೇನಪ್ಪ?’

ಅವನು ಸುಳ್ಳು ಹೇಳಲಿಲ್ಲ. ‘ಬಾರುಕೋಲಲ್ಲಿ ಎಲ್ಡೇಟು ಬಿತ್ತು ಕಣವ್ವ.’

‘ಅದು ನಿನ್ ಮಾತ್ಗೆ ಕಾಯ್ಕೊಂಡ್ ನಿಂತೈತೆ. ನೀನೇ ಕರೀನಿಲ್ಲ.’

ಅವನನ್ನು ಜಗಲಿಯ ಮೇಲೆ ಕೂರಿಸಿ ಅಜ್ಜಿ ಪಾಠ ಮಾಡಿದಳು. ಗಿಡ್ಡಗೆ ಅನ್ನು. ಈಗ ಎಳಿ. ಹಂಗಲ್ಲ, ಕೊನೇಲಿ ದನಿ ಏರಿಸಬಾರದು, ಇಳಿಸಬೇಕು. ಮೀಸೆ ಹೊತ್ತ ಗಂಡಸು ಬೀದಿಯವರೆಲ್ಲ ನೋಡುತ್ತಿರುವಾಗ ‘ಮಾರಾ, ಮಾರಾ’ ಅಂತ ಕೂಗುತ್ತ ಕೂತ. ಒಳಗೆ ಕೊಟ್ಟಿಗೆಯಲ್ಲಿ ಚಿತ್ತಿ ತಲೆಯೆತ್ತಿ ನೋಡಿತು ಅಂತ ಬರೆದಿದ್ದೇನೆ. ಅದು ನಿಜವೋ ಸುಳ್ಳೋ ಚಿತ್ತಿಯನ್ನೇ ಕೇಳಬೇಕು.

ಸೊಸೆ ಮಜ್ಜಿಗೆ ತಂದುಕೊಟ್ಟಳು. ಕುಡಿದು ಎದ್ದವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ‘ಮನೇಲಿ ಕೇಳ್ತಾರೆ, ಯಾರು ಹೇಳ್ಕೊಟ್ರು ಅಂತ. ನಿಮ್ ಹೆಸ್ರೇನವ್ವ?’ ಅಂದ. ಮೂವತ್ತು ವರ್ಷದಿಂದ ಆ ಮನೆಯಲ್ಲಿರುವ ಸೊಸೆ ಖಾಲಿ ಚೊಂಬು ಹಿಡಿದುಕೊಂಡು ನಿಂತುಬಿಟ್ಟಳು. ಅವಳಿಗೂ ಗೊತ್ತಿರಲಿಲ್ಲ. ಮಗ ‘ದೊಡ್ಡಮ್ಮ’ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಹೇಳಿದಳು. ಮೆತ್ತಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ. ಅವನು ಎತ್ತಿನ ಹೆಸರನ್ನು ಕಲಿತ ಹಾಗೇ ಅದನ್ನೂ ಎರಡು ಸಲ ಹೇಳಿಕೊಂಡು, ತಪ್ಪಾಯಿತೇ ಅಂತ ಅವಳ ಮುಖ ನೋಡಿದ.

ಆ ಹೆಸರನ್ನು ಕತೆಯಲ್ಲಿ ನಾನು ಬರೆದಿಲ್ಲ. ಇದಕ್ಕೆ ಬಹಳ ಜನ ಬೈದಿದ್ದಾರೆ. ಓದುಗರಿಗೆ ಮೋಸ ಅಂದರು. ಬರೆದರೆ ನೀವು ‘ಓ, ಚೆಂದದ ಹೆಸರು’ ಅಂತಲೋ ‘ಇಷ್ಟೇನಾ’ ಅಂತಲೋ ಅನ್ನುತ್ತೀರಿ. ಎರಡೂ ನನಗೆ ಬೇಡವಾಗಿತ್ತು. ಮರುದಿನ ಸೊಸೆ ಮಗನನ್ನು ಕರೆದುಕೊಂಡು ವಂಶವೃಕ್ಷ ತಿದ್ದಿಸಲು ಹೋಗುತ್ತಾಳೆ. ಅಲ್ಲಿ ‘ದೊಡ್ಡಮ್ಮ ಮತ್ತು ಇವರು ಒಬ್ಬರೇ ಅಂತ ಅಫಿಡವಿಟ್ ತನ್ನಿ’ ಅನ್ನುತ್ತಾರೆ. ಕತೆ ಅಲ್ಲಿಗೆ ನಿಲ್ಲುತ್ತದೆ.

ಮಹಾರಾಷ್ಟ್ರದಲ್ಲಿರುವ ನಮಗೆ ಇದು ದೂರದ ಮಾತಲ್ಲ. ಇಲ್ಲಿ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಯುತ್ತಾರಲ್ಲ, ಕರ್ನಾಟಕದ ಕೆಲವು ಮನೆತನಗಳಲ್ಲೂ ಹೆಸರು ಬದಲಿಸುವ ರೂಢಿ ಇತ್ತು. ನಮ್ಮಲ್ಲೇ ಪ್ರಮಾಣಪತ್ರಗಳಲ್ಲಿ ಒಂದು ಹೆಸರು, ಗ್ಯಾಸ್ ಕನೆಕ್ಷನ್ನಿನಲ್ಲಿ ಇನ್ನೊಂದು ಹೆಸರಿರುವವರು ಯಾರ್ಯಾರೆಂದು ನಾನು ಕೈ ಎತ್ತಿಸುವುದಿಲ್ಲ.

ಪುಟ್ಟ ಕೆಲಸವೊಂದಿದೆ. ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ನಿಮ್ಮ ಊರಿನ ಮನೆಯ ದನಗಳ ಹೆಸರು, ಹಾಗೆ ಕರೆಯಲು ಕಾರಣ, ನೆನಪಿದ್ದಷ್ಟು ಬರೆಯಿರಿ. ಸೇರು, ಹಂಡೆ, ಬಾಗಿಲಿಗೆ ಹೆಸರಿದ್ದರೆ ಅದೂ ಇರಲಿ. ಅದರ ಪಕ್ಕದಲ್ಲಿ ಹೆಸರಿಟ್ಟ ಹೆಂಗಸಿನ ಹೆಸರಿಗೆ ಒಂದು ಕಾಲಂ ಎಳೆದಿದ್ದೇನೆ. ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ಊರಿಗೆ ಫೋನ್ ಮಾಡಿ ಕೇಳಿಕೊಂಡು ಮುಂದಿನ ತಿಂಗಳು ತುಂಬಬಹುದು. ಪೆನ್ನು ದಾರದಲ್ಲಿ ಕಟ್ಟಿದೆ.