ಮಾಳಿಗೆಯ ಸೌರಫಲಕ: ಬೆಂಕಿಯ ಎಚ್ಚರ



ಮನೆಗೆ ಬೆಂಕಿ ತಗುಲಿದಾಗ ಮೇನ್ ಸ್ವಿಚ್ ಆರಿಸುವುದು ವಾಡಿಕೆ. ಮಾಳಿಗೆಯಲ್ಲಿ ಸೌರಫಲಕಗಳಿದ್ದರೆ ಇಷ್ಟೇ ಸಾಲದು. ಬಿಸಿಲಿರುವವರೆಗೂ ಫಲಕಗಳಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ತಲಾ 40 ವೋಲ್ಟಿನ 10 ಫಲಕಗಳನ್ನು ಸಾಲಾಗಿ ಜೋಡಿಸಿದ್ದರೆ, ಅಲ್ಲಿಂದ ಇನ್ವರ್ಟರಿಗೆ ಇಳಿಯುವ ತಂತಿಯಲ್ಲಿ 400 ವೋಲ್ಟ್ ಉಳಿದಿರುತ್ತದೆ. ಬೆಂಕಿ ಆರಿಸಲು ಮೇಲೇರಿದವನಿಗೆ ಇದೇ ಪ್ರಾಣಾಪಾಯ.

ಇದಕ್ಕೆ ಪ್ರತಿ ಫಲಕಕ್ಕೂ ತ್ವರಿತ ನಿಲುಗಡೆ ಸಾಧನವನ್ನು ಅಳವಡಿಸಿ, ಅದರ ಸ್ವಿಚ್ಚನ್ನು ಮನೆಯ ಹೊರಗೋಡೆಯಲ್ಲಿ ಇರಿಸಬೇಕು. ಸ್ವಿಚ್ ಆರಿಸಿದೊಡನೆ ಫಲಕಗಳು ಒಂದರಿಂದೊಂದು ಬೇರ್ಪಡುತ್ತವೆ. ಇಳಿತಂತಿಯ ವೋಲ್ಟೇಜು 30 ಸೆಕೆಂಡಿನೊಳಗೆ 30 ವೋಲ್ಟಿಗೆ ಇಳಿಯಬೇಕೆಂಬುದು ಅಮೆರಿಕದ ವಿದ್ಯುತ್ ಸಂಹಿತೆಯ ನಿಯಮ. ಆಗಲೂ ಫಲಕಗಳನ್ನು ಮುಟ್ಟಬಾರದು, ಒಡೆಯಬಾರದು.

ಇಳಿತಂತಿಯನ್ನು ಹುಲ್ಲಿನ ಅಟ್ಟದ ಮೂಲಕ ಒಯ್ಯದೆ, ಹೊರಗೋಡೆಯ ಮೇಲೆ ಕಬ್ಬಿಣದ ಕೊಳವೆಯಲ್ಲಿ ಇಳಿಸಬೇಕು. ಮಾಳಿಗೆಯ ಅಂಚಿನಲ್ಲಿ 3 ಅಡಿ ದಾರಿಯನ್ನು ಖಾಲಿ ಬಿಟ್ಟರೆ ಅಗ್ನಿಶಾಮಕರು ಫಲಕಗಳನ್ನು ತುಳಿಯದೆ ಓಡಾಡಬಹುದು.