ಮಾರಾಟವೇ ಇಲ್ಲ, ಆದ್ರೂ ಪೇಪರ್ ಬೇಕಾ?

ಹುಬ್ಬಳ್ಳಿ ಅಂಗಡಿಯಿಂದ ಅದೇ ಕಂಪನಿಯ ಮೈಸೂರು ಬ್ರಾಂಚ್‌ಗೆ 80,000 ರೂಪಾಯಿಯ ಮಿಕ್ಸಿಗಳು ಹೋಗ್ತಿವೆ ಅಂದ್ಕೊಳ್ಳಿ. ಎರಡೂ ಕಡೆ ಜಿಎಸ್‌ಟಿ ನಂಬರ್ ಒಂದೇ. ಹಾಗಾಗಿ ತೆರಿಗೆ ಇಲ್ಲ, ಟ್ಯಾಕ್ಸ್ ಇನ್‌ವಾಯ್ಸ್ ಬೇಡ. ಬದಲಿಗೆ ಡೆಲಿವರಿ ಚಲನ್ ಮೂರು ಪ್ರತಿ ಮಾಡ್ಬೇಕು: ಒಂದು ಮೈಸೂರಿಗೆ, ಒಂದು ಲಾರಿಯವರಿಗೆ, ಒಂದು ಹುಬ್ಬಳ್ಳಿಯಲ್ಲೇ ಇರುತ್ತೆ. ಮೌಲ್ಯ 50,000 ದಾಟಿರೋದ್ರಿಂದ ಇ-ವೇ ಬಿಲ್ಲೂ ಬೇಕು. ಮಾರಾಟ ಇಲ್ವಲ್ಲ ಅಂತ ಇದನ್ನ ಬಿಟ್ರೆ, ದಾರಿಯಲ್ಲಿ ಗಾಡಿ ತಡೆದು ದಂಡ ಹಾಕಬಹುದು.

ಅದೇ ಮಿಕ್ಸಿಗಳು ತಮಿಳುನಾಡಿನ ಹೊಸೂರು ಬ್ರಾಂಚ್‌ಗೆ ಹೋದ್ರೆ? ರಾಜ್ಯ ಬೇರೆ, ಜಿಎಸ್‌ಟಿ ನಂಬರೂ ಬೇರೆ. ಕಾನೂನಿನ ಲೆಕ್ಕದಲ್ಲಿ ಇಬ್ಬರೂ ಬೇರೆ ಬೇರೆ ವ್ಯಕ್ತಿಗಳು. ದುಡ್ಡು ಕೈ ಬದಲಾಗದಿದ್ರೂ ಐಜಿಎಸ್‌ಟಿ ಹಾಕಿದ ಟ್ಯಾಕ್ಸ್ ಇನ್‌ವಾಯ್ಸ್ ಬೇಕೇ ಬೇಕು. ಆ ತೆರಿಗೆಯನ್ನ ಹೊಸೂರಿನವರು ಕ್ರೆಡಿಟ್ ಆಗಿ ತಗೋಬಹುದು. ಅದಕ್ಕೇ ಸರಕು ತುಂಬೋ ಮುಂಚೆ ಎರಡೂ ಕಡೆಯ ನಂಬರ್ ನೋಡ್ಕೊಳ್ಳಿ.