ಪ್ರೊಫೆಸರರಿಗೆ ಬರೆಯುವ ಮೊದಲ ಪತ್ರ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ವರ್ಷ ನಾನು ಹೊರದೇಶದ ನಲವತ್ತು ಪ್ರೊಫೆಸರರಿಗೆ ಒಂದೇ ಪತ್ರ ಕಳುಹಿಸಿದೆ. "ಗೌರವಾನ್ವಿತ ಸರ್, ನಾನು ಬಡ ಕುಟುಂಬದ ವಿದ್ಯಾರ್ಥಿ. ನಿಮ್ಮಲ್ಲಿ ಪಿಎಚ್.ಡಿ. ಸೀಟು ಮತ್ತು ಸ್ಕಾಲರ್‌ಶಿಪ್ ಕೊಡಿಸಿ" ಎಂದಿತ್ತು. ಒಂದೂ ಉತ್ತರ ಬರಲಿಲ್ಲ. ಆ ನಲವತ್ತರಲ್ಲಿ ಮಹಿಳೆಯರೂ ಇದ್ದರು. ಅವರಿಗೂ "ಸರ್" ಎಂದೇ ಹೋಗಿತ್ತು.

ಹಣ ಯಾರ ಕೈಯಲ್ಲಿದೆ ಎಂದು ತಿಳಿಯದೆ ಕೇಳಿದ್ದು ಅದಕ್ಕಿಂತ ದೊಡ್ಡ ತಪ್ಪು. ಅಮೆರಿಕದ ಹೆಚ್ಚಿನ ವಿಜ್ಞಾನ ವಿಭಾಗಗಳಲ್ಲಿ ಪ್ರವೇಶ ಕೊಡುವುದು ಸಮಿತಿ. ಅರ್ಜಿಯ ಗಡುವು ಸಾಮಾನ್ಯವಾಗಿ ಡಿಸೆಂಬರ್ ಆಸುಪಾಸು. ಅಲ್ಲಿ ಪ್ರೊಫೆಸರರನ್ನು ಕೇಳಬೇಕಾದದ್ದು "ಮುಂದಿನ ವರ್ಷ ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವಿರಾ?" ಎಂದು ಮಾತ್ರ. ಜರ್ಮನಿಯಲ್ಲಿ ಪಿಎಚ್.ಡಿ. ಎಷ್ಟೋ ಸಲ ಸಂಬಳದ ಹುದ್ದೆ. ಯೋಜನೆಯಲ್ಲಿ ಹುದ್ದೆ ಖಾಲಿಯಿದೆಯೇ ಎಂದು ಕೇಳಬೇಕು. ಜಪಾನಿನ ಮೆಕ್ಸ್ಟ್ ವಿದ್ಯಾರ್ಥಿವೇತನದಲ್ಲಿ ಹಣ ಕೊಡುವುದು ಅಲ್ಲಿನ ಸರ್ಕಾರ. ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಿ ಮೊದಲ ಆಯ್ಕೆಯಲ್ಲಿ ತೇರ್ಗಡೆಯಾದವರು, ತಾತ್ಕಾಲಿಕ ಒಪ್ಪಿಗೆ ಪತ್ರಕ್ಕಾಗಿ ಪ್ರೊಫೆಸರರನ್ನು ಸಂಪರ್ಕಿಸುತ್ತಾರೆ. ಅವರಿಂದ ಬೇಕಿರುವುದು ಹಣವಲ್ಲ, ಒಪ್ಪಿಗೆ.

ಮರುವರ್ಷ ನಾನು ಆರು ಜನಕ್ಕೆ ಮಾತ್ರ ಬರೆದೆ. ಒಬ್ಬೊಬ್ಬರ ಇತ್ತೀಚಿನ ಒಂದು ಪ್ರಬಂಧವನ್ನಾದರೂ ಪೂರ್ತಿ ಓದಿದೆ. ಎಂ.ಎಸ್ಸಿ.ಯಲ್ಲಿ ನಾನು ಮಾಡಿದ್ದು ಬೋರ್‌ವೆಲ್ ನೀರಿನ ಫ್ಲೋರೈಡನ್ನು ಅಲ್ಯೂಮಿನಾ ಪುಡಿಯಿಂದ ತೆಗೆಯುವ ಕೆಲಸ. ಜರ್ಮನಿಯ ಪ್ರೊಫೆಸರೊಬ್ಬರಿಗೆ ಹೀಗೆ ಬರೆದೆ: "ನಿಮ್ಮ ಪ್ರಯೋಗ ಶುದ್ಧ ನೀರಿನಲ್ಲಿ ನಡೆದಿದೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು; ಅದರಲ್ಲಿ ಅಲ್ಯೂಮಿನಾ ಬೇಗ ಸೋಲುತ್ತದೆ. ನಿಮ್ಮ ವಸ್ತು ಅಂಥ ನೀರಿನಲ್ಲಿ ನಿಲ್ಲುತ್ತದೆಯೇ?" ನಂತರ ನಾನು ಬಳಸಿದ ಉಪಕರಣ ಯಾವುದು, ಫಲಿತಾಂಶ ಏನು ಎಂದು ಎರಡು ವಾಕ್ಯ. ಕೊನೆಗೆ ಒಂದೇ ಪ್ರಶ್ನೆ, "ಬರುವ ವರ್ಷ ನಿಮ್ಮಲ್ಲಿ ಸಂಬಳದ ಹುದ್ದೆ ಇರುವ ಸಾಧ್ಯತೆಯಿದೆಯೇ?" ಬಯೋಡೇಟಾ ಮತ್ತು ಅಂಕಪಟ್ಟಿ ಒಂದೇ ಪಿಡಿಎಫ್‌ನಲ್ಲಿ ಹೋಯಿತು. ಮನೆಯ ಕಷ್ಟ ಬರೆಯಲಿಲ್ಲ. ಅದನ್ನು ಬರೆಯುವ ಜಾಗ ನಮ್ಮ ಟ್ರಸ್ಟಿನ ಅರ್ಜಿ.

ನಾಲ್ಕನೇ ದಿನ ಉತ್ತರ ಬಂತು: "ಈಗ ಹಣವಿಲ್ಲ. ಪಕ್ಕದ ಪ್ರಯೋಗಾಲಯದಲ್ಲಿ ಒಂದು ಹುದ್ದೆಗೆ ಜಾಹೀರಾತು ಬರಲಿದೆ, ಅರ್ಜಿ ಹಾಕಿ." ಆ ಹುದ್ದೆಯೇ ನನಗೆ ಸಿಕ್ಕಿತು. ಉಳಿದ ಐವರಲ್ಲಿ ಇಬ್ಬರು ಇಲ್ಲವೆಂದರು, ಮೂವರು ಬರೆಯಲೇ ಇಲ್ಲ.

ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಅಲ್ಲಿಗೆ ಬಿಡಿ. "ನಿಮ್ಮ ಆಸಕ್ತಿಗೆ ಧನ್ಯವಾದ, ಅರ್ಜಿ ಹಾಕಿ" ಎಂದಷ್ಟೇ ಬಂದರೆ ಅದನ್ನು ಭರವಸೆ ಎಂದುಕೊಳ್ಳಬೇಡಿ. ಅವರು ನಿಮ್ಮ ಕೆಲಸದ ಬಗ್ಗೆ ಮರುಪ್ರಶ್ನೆ ಕೇಳಿದರೆ ಮಾತ್ರ ಪತ್ರವನ್ನು ಓದಿದ್ದಾರೆ ಎಂದು ತಿಳಿಯಿರಿ. ಆ ಪ್ರಶ್ನೆಗೆ ಅದೇ ದಿನ ಉತ್ತರ ಬರೆಯಿರಿ.